ಹುಕ್ಕಾದ ನೀರು ಏನು ಹಿಡಿಯುತ್ತೆ, ಏನು ಬಿಡುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅನಿಲಗಳು ನೀರಿನಲ್ಲಿ ಕರಗುವ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಹುಕ್ಕಾ ಬಗ್ಗೆ ಒಂದು ಪ್ರಶ್ನೆ ಬಂದೇ ಬರುತ್ತೆ. ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಇನ್ನೆರಡು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಳೇ ವಿದ್ಯಾರ್ಥಿಗಳ ಮೆಸೇಜಿನಲ್ಲಿ ಬಂದವೂ ಸೇರಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಜಾಸ್ತಿ ಸಲ ಬಂದವನ್ನು, ಅವರು ಕೇಳಿದ ಮಾತಿನಲ್ಲೇ, ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಲೆಕ್ಕ ಬೇಕಾದವು ಆಮೇಲೆ.

## ಮೊದಲು ಕೇಳುವವು

ಹೊಗೆ ನೀರಿನೊಳಗಿಂದ ಬರುತ್ತಲ್ಲ ಸರ್, ಫಿಲ್ಟರ್ ಆಗಲ್ವಾ?

ಹೆಚ್ಚುಕಡಿಮೆ ಇಲ್ಲ. ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಸೂಜಿ ಇಲ್ಲದ ಒಂದು 20 ಮಿ.ಲೀ. ಸಿರಿಂಜ್, ಒಂದು ಊದುಬತ್ತಿ, ಒಂದು ಗ್ಲಾಸ್ ನೀರು ಸಾಕು. ಊದುಬತ್ತಿಯ ಹೊಗೆಯ ಮೇಲೆ ಸಿರಿಂಜಿನ ಬಾಯಿ ಹಿಡಿದು ನಿಧಾನ ಎಳೆಯಿರಿ. ಒಳಗೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಈಗ ತುದಿಯನ್ನು ನೀರಿನೊಳಗೆ ಎರಡು ಬೆರಳಷ್ಟು ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆಗಳು ಮೇಲೆ ಬರುತ್ತವೆ. ಒಂದೊಂದೂ ಒಡೆಯುವಾಗ ನೋಡಿ: ಒಳಗಿಂದ ಬಿಳಿ ಹೊಗೆ ಪುಸಕ್ಕನೆ ಹೊರಬಂದು ನೀರಿನ ಮೇಲೆ ಹರಡಿಕೊಳ್ಳುತ್ತೆ. ನೀರಿನೊಳಗೆ ಹೋದ ಹೊಗೆ ಹೊಗೆಯಾಗಿಯೇ ಹೊರಗೆ ಬಂತು, ಅಲ್ವಾ? ಹುಕ್ಕಾದಲ್ಲಿ ಗುಡುಗುಡು ಅನ್ನುವುದೂ ಇದೇ ಗುಳ್ಳೆಗಳು. ಉತ್ತರ ಕರ್ನಾಟಕದ ಕಡೆ ಅದನ್ನು ಗುಡಗುಡಿ ಅಂತಲೇ ಕರೆಯುತ್ತಾರೆ.

ಕಾರಣ ಹೀಗೆ. ಫಿಲ್ಟರ್ ಅಂದರೆ ಚಹಾ ಸೋಸುವ ಜಾಲರಿಯಂತೆ, ಬರುವುದೆಲ್ಲ ಅದಕ್ಕೆ ತಾಗಿಕೊಂಡೇ ದಾಟಬೇಕು. ಗುಳ್ಳೆಯಲ್ಲಿ ಹಾಗಾಗುವುದಿಲ್ಲ. ಗುಳ್ಳೆ ಅಂದರೆ ಹೊಗೆ ತುಂಬಿದ ಒಂದು ಚೀಲ. ಮಳೆಯಲ್ಲಿ ಬಸ್ಸು ಹೋದರೆ ಕಿಟಕಿ ಪಕ್ಕ ಕೂತವರಿಗೆ ನಾಲ್ಕು ಹನಿ ಸಿಡಿಯಬಹುದು, ನಡುವೆ ಕೂತವರು ನೆನೆಯುವುದಿಲ್ಲ. ಹೊಗೆಯ ಕಣಗಳು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕವು. ಗುಳ್ಳೆ ಮೇಲೇರುವುದಕ್ಕೆ ಹಿಡಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಅಂಥ ಒಂದು ಕಣ ತಾನಾಗಿ ಸರಿಯುವ ದೂರ ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಗುಳ್ಳೆಯ ಅಂಚಿನಲ್ಲಿದ್ದವು ನೀರಿಗೆ ತಾಗುತ್ತವೆ. ಉಳಿದವು ನೀರನ್ನು ನೋಡುವುದೇ ಇಲ್ಲ.

ಹಾಗಾದ್ರೆ ನೀರು ಇಟ್ಟಿರೋದು ಯಾಕೆ?

ಹೊಗೆ ತಣ್ಣಗಾಗಲಿ, ಒದ್ದೆಯಾಗಲಿ ಅಂತ. ಆ ಕೆಲಸವನ್ನು ನೀರು ಚೆನ್ನಾಗಿಯೇ ಮಾಡುತ್ತೆ. ಶಾಖ ಬಹಳ ಬೇಗ ನೀರಿಗೆ ಹೋಗುತ್ತೆ, ಕಣಗಳ ಹಾಗೆ ನಿಧಾನಿಸುವುದಿಲ್ಲ.

ತೊಂದರೆ ಶುರುವಾಗುವುದೂ ಇಲ್ಲೇ. ಬಿಸಿ, ಒಣ ಹೊಗೆ ಗಂಟಲಿಗೆ ಚುಚ್ಚುತ್ತೆ, ಕೆಮ್ಮು ಬರುತ್ತೆ. ಕೆಮ್ಮು ಅನ್ನುವುದು ಮೈ ಕೊಡುವ ಎಚ್ಚರಿಕೆ. ತಣ್ಣಗಿನ ಹೊಗೆಗೆ ಅಷ್ಟು ಕೆಮ್ಮು ಬರುವುದಿಲ್ಲ. ಹಾಗಾಗಿ ಸಿಗರೇಟಿನಲ್ಲಿ ಒಂದು ಎಳೆತಕ್ಕೆ ಸುಮಾರು 50 ಮಿ.ಲೀ. ಹೊಗೆ ಎಳೆಯುವ ಮನುಷ್ಯ ಹುಕ್ಕಾದಲ್ಲಿ ಅರ್ಧ ಲೀಟರ್ ಎಳೆಯುತ್ತಾನೆ, ಅದೂ ಎದೆಯ ಆಳಕ್ಕೆ. 'ಸ್ಮೂತ್ ಆಗಿದೆ ಸರ್' ಅಂತ ಹುಡುಗರು ಹೇಳುವುದು ನಿಜ. ಹೊಗೆ ನುಣುಪಾಗಿದೆ, ಶುದ್ಧವಾಗಿಲ್ಲ.

ಸೇದಿ ಮುಗಿಸಿದ ಮೇಲೆ ನೀರು ಹಳದಿ ಆಗಿರುತ್ತೆ, ವಾಸನೆ ಬರುತ್ತೆ. ಅದು ವಿಷ ಹಿಡಿದಿದ್ದಕ್ಕೇ ಅಲ್ವಾ?

ಒಳ್ಳೆಯ ಪ್ರಶ್ನೆ. ನೀರು ಏನನ್ನೂ ಹಿಡಿಯುವುದೇ ಇಲ್ಲ ಅಂತ ಹೇಳಿದರೆ ಅದು ತಪ್ಪಾಗುತ್ತೆ. ನಿಕೋಟಿನ್ ನೀರಿನಲ್ಲಿ ಕರಗುತ್ತೆ. ಅದರಲ್ಲಿ ಸ್ವಲ್ಪ ಭಾಗ ಬುಡದ ನೀರಿನಲ್ಲಿ ಉಳಿಯುತ್ತೆ. ಟಾರ್, ಅಂದರೆ ಹೊಗೆಯ ಅಂಟು ಕಣಗಳು, ಗುಳ್ಳೆಯ ಅಂಚಿಗೆ ತಾಗಿದವು ಕೂಡ ಸ್ವಲ್ಪ ಉಳಿಯುತ್ತವೆ. ಬಣ್ಣ ಅದರದ್ದೇ.

ಆದರೆ ನೀರಿನಲ್ಲಿ ಎಷ್ಟು ಉಳಿಯಿತು ಅನ್ನುವುದನ್ನು ಬಿಡಿ, ಬಾಯಿಗೆ ಎಷ್ಟು ಬಂತು ಅನ್ನುವುದು ಮುಖ್ಯ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಇದನ್ನು ಯಂತ್ರವಿಟ್ಟು ಅಳೆದಿದ್ದಾರೆ. ಕೆಫೆಯಲ್ಲಿ ಜನ ಹೇಗೆ ಸೇದುತ್ತಾರೆ ಅಂತ ನೋಡಿ, ಅದೇ ರೀತಿ ಎಳೆಯುವಂತೆ ಯಂತ್ರವನ್ನು ಹೊಂದಿಸಿದರು: 10 ಗ್ರಾಂ ತಂಬಾಕು, 171 ಎಳೆತ, ಪ್ರತಿ ಎಳೆತಕ್ಕೆ 530 ಮಿ.ಲೀ. 2005ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಬಾಯಿ ಕಡೆಗೆ ಬಂದದ್ದು 802 ಮಿಲಿಗ್ರಾಂ ಟಾರ್, 145 ಮಿಲಿಗ್ರಾಂ ಕಾರ್ಬನ್ ಮಾನಾಕ್ಸೈಡ್, ಸುಮಾರು 3 ಮಿಲಿಗ್ರಾಂ ನಿಕೋಟಿನ್. ಇದು ನೀರು ದಾಟಿ ಬಂದ ಮೇಲಿನ ಲೆಕ್ಕ, ನೀರಿಗೆ ಹೋಗುವ ಮುಂಚಿನದಲ್ಲ. ಹಳದಿ ನೀರನ್ನು ನೋಡಿ ಸಮಾಧಾನ ಪಡುವವರು ಈ ಒಂದು ಮಾತನ್ನು ಮರೆಯುತ್ತಾರೆ.

ನಂದು ಹರ್ಬಲ್, ತಂಬಾಕೇ ಇಲ್ಲ. ಅದು ಪರವಾಗಿಲ್ಲ ತಾನೇ?

ನಿಕೋಟಿನ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಅದೂ ಪ್ಯಾಕೆಟ್ ಮೇಲೆ ಬರೆದದ್ದು ನಿಜವಾದರೆ. ತಂಬಾಕಿಲ್ಲದ ಮಿಶ್ರಣವನ್ನು ಯಂತ್ರದಲ್ಲಿ ಅಳೆದಾಗ ಟಾರ್, ಕಾರ್ಬನ್ ಮಾನಾಕ್ಸೈಡ್ ಎರಡೂ ತಂಬಾಕಿನ ಹುಕ್ಕಾದಷ್ಟೇ ಬಂದಿವೆ. ಬೆಲ್ಲದ ಪಾಕ, ಗ್ಲಿಸರಿನ್, ಎಲೆ ಯಾವುದನ್ನು ಕಾಯಿಸಿದರೂ ಹೊಗೆ ಬರುತ್ತೆ. ಮೇಲಿರುವ ಕೆಂಡ ಎರಡಕ್ಕೂ ಒಂದೇ.

## ಲೆಕ್ಕ ಬೇಕಾದವು

ಒಂದು ಹುಕ್ಕಾ ಅಂದ್ರೆ ನೂರು ಸಿಗರೇಟು ಅಂತಾರೆ. ಸುಮ್ನೆ ಹೆದರಿಸೋಕೆ ಅಲ್ವಾ?

ಸುಮ್ನೆ ಅಲ್ಲ, ಆದರೆ ಆ ಮಾತನ್ನು ತಪ್ಪಾಗಿ ಬಳಸುತ್ತಾರೆ. ಹೊಗೆಯ ಪ್ರಮಾಣದ ಲೆಕ್ಕದಲ್ಲಿ ಅದು ನಿಜ. ಮೇಲಿನ ಅಳತೆಯನ್ನೇ ತೆಗೆದುಕೊಳ್ಳಿ: 171 ಎಳೆತ, ತಲಾ 530 ಮಿ.ಲೀ., ಗುಣಿಸಿದರೆ ಸುಮಾರು 90 ಲೀಟರ್ ಹೊಗೆ. ಒಂದು ಸಿಗರೇಟಿನಿಂದ ಬರುವುದು ಹೆಚ್ಚೆಂದರೆ ಅರ್ಧ ಲೀಟರಿನ ಆಸುಪಾಸು. ನೂರಕ್ಕಿಂತ ಜಾಸ್ತಿಯೇ ಆಯಿತು.

ಆದರೆ ಹೊಗೆ ನೂರು ಪಟ್ಟು ಇದ್ದ ಮಾತ್ರಕ್ಕೆ ಅದರೊಳಗಿನ ಪ್ರತಿ ವಸ್ತುವೂ ನೂರು ಪಟ್ಟಾಗುವುದಿಲ್ಲ. 2016ರಲ್ಲಿ ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದು ಸಿಗರೇಟಿಗೆ ಹೋಲಿಸಿದರೆ ಒಂದು ಸಲದ ಹುಕ್ಕಾದಲ್ಲಿ ಹೊಗೆ ಸುಮಾರು 125 ಪಟ್ಟು, ಟಾರ್ 25 ಪಟ್ಟು, ಕಾರ್ಬನ್ ಮಾನಾಕ್ಸೈಡ್ 10 ಪಟ್ಟು, ನಿಕೋಟಿನ್ ಎರಡೂವರೆ ಪಟ್ಟು ಕಂಡಿತು. ಟಾರಿನಲ್ಲೂ ಒಂದು ಮಾತಿದೆ. ಹುಕ್ಕಾ ಟಾರಿನಲ್ಲಿ ಗ್ಲಿಸರಿನ್ ಪಾಲು ಜಾಸ್ತಿ, ಸಿಗರೇಟಿನ ಟಾರ್ ಬೇರೆ ಥರದ್ದು. ಮಿಲಿಗ್ರಾಂಗೆ ಮಿಲಿಗ್ರಾಂ ಸರಿತೂಗಿಸಿ ಕ್ಯಾನ್ಸರ್ ಲೆಕ್ಕ ಹಾಕಲು ಬರುವುದಿಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುವವನು, ವಾರಕ್ಕೊಮ್ಮೆ ಹುಕ್ಕಾ ಸೇದುವವನು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನಾನು ಕ್ಲಾಸಿನಲ್ಲಿ 'ನೂರು ಸಿಗರೇಟು' ಅನ್ನುವುದಿಲ್ಲ. ಯಾವನಾದರೂ ಜಾಣ ಹುಡುಗ 'ಹಾಗಿದ್ರೆ ಸೇದಿದವರೆಲ್ಲ ಸತ್ತೇ ಹೋಗ್ಬೇಕಿತ್ತಲ್ಲ ಸರ್' ಅಂತ ಕೇಳಿದರೆ ಉಳಿದ ಪಾಠವೂ ನೀರಿಗೆ ಹೋಗುತ್ತೆ.

ಕಾರ್ಬನ್ ಮಾನಾಕ್ಸೈಡ್ ನೀರಲ್ಲಿ ಕರಗಿ ಹೋಗಲ್ವಾ? ಸೋಡಾದಲ್ಲಿ ಗ್ಯಾಸ್ ಕರಗಿರುತ್ತಲ್ಲ?

ಸೋಡಾದಲ್ಲಿ ಇರುವುದು ಕಾರ್ಬನ್ ಡೈ ಆಕ್ಸೈಡ್. ಹೆಸರು ಹತ್ತಿರ, ಗುಣ ಬೇರೆ. 25 ಡಿಗ್ರಿಯಲ್ಲಿ, ಮೇಲೆಲ್ಲ ಶುದ್ಧ ಅನಿಲವೇ ಇದ್ದಾಗ, ಒಂದು ಲೀಟರ್ ನೀರು ಕಾರ್ಬನ್ ಡೈ ಆಕ್ಸೈಡನ್ನು ಸುಮಾರು 1,450 ಮಿಲಿಗ್ರಾಂ ಹಿಡಿಯುತ್ತೆ. ಕಾರ್ಬನ್ ಮಾನಾಕ್ಸೈಡನ್ನು ಹಿಡಿಯುವುದು ಬರೀ 28 ಮಿಲಿಗ್ರಾಂ.

'28 ಆದರೂ ಹಿಡಿಯಿತಲ್ಲ' ಅನ್ನಬೇಡಿ. ಅದು ಶುದ್ಧ ಅನಿಲದ ಲೆಕ್ಕ. ಹುಕ್ಕಾ ಹೊಗೆಯಲ್ಲಿ ಬಹುಪಾಲು ಗಾಳಿಯೇ. ಕರಗುವ ಪ್ರಮಾಣ ಅನಿಲದ ಪಾಲಿಗೆ ತಕ್ಕಂತೆ ಇಳಿಯುತ್ತೆ, ಪಿಯುಸಿಯಲ್ಲಿ ಓದುವ ಹೆನ್ರಿ ನಿಯಮ ಅದೇ. ಬೈರೂತಿನ ಅಂಕಿಗಳಿಗೇ ಹಾಕಿ ನೋಡೋಣ.

145 ಮಿಲಿಗ್ರಾಂ ಕಾರ್ಬನ್ ಮಾನಾಕ್ಸೈಡ್ ಅಂದರೆ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 126 ಮಿ.ಲೀ. ಅನಿಲ. ಅದು ಇರುವುದು 90,000 ಮಿ.ಲೀ. ಹೊಗೆಯಲ್ಲಿ. ಭಾಗಿಸಿದರೆ ಹೊಗೆಯ 0.14 ಶೇಕಡಾ. ಈಗ 28 ಮಿಲಿಗ್ರಾಂನ 0.14 ಶೇಕಡಾ ತೆಗೆಯಿರಿ: 0.04 ಮಿಲಿಗ್ರಾಂ. ಬುಡದಲ್ಲಿ ಒಂದು ಲೀಟರ್ ನೀರಿದ್ದರೆ, ಇಡೀ ಒಂದು ಗಂಟೆಯಲ್ಲಿ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು ಇಷ್ಟೇ. ಬಾಯಿಗೆ ಬಂದದ್ದು 145, ನೀರಿನಲ್ಲಿ ಉಳಿದದ್ದು 0.04. ನಾನು ಇದನ್ನು ಬೋರ್ಡಿನ ಮೇಲೆ ಬರೆದಾಗ ಹುಡುಗರು ದಶಾಂಶದ ಚುಕ್ಕಿ ತಪ್ಪಾಗಿದೆ ಅಂತಾರೆ. ತಪ್ಪಾಗಿಲ್ಲ.

ನೀರು ಜಾಸ್ತಿ ಹಾಕಿದ್ರೆ? ಐಸ್ ಹಾಕಿದ್ರೆ? ಹಾಲು?

ನೀರನ್ನು ಎರಡು ಪಟ್ಟು ಮಾಡಿದರೆ ಮೇಲಿನ 0.04 ಎಂಬುದು 0.08 ಆಗುತ್ತೆ. ಐಸ್ ಹಾಕಿದರೆ ಹೊಗೆ ಇನ್ನೂ ತಣ್ಣಗಾಗಿ ಎಳೆತ ಇನ್ನೂ ಉದ್ದವಾಗುತ್ತೆ. ಹಾಲು ನೊರೆ ಕಟ್ಟುತ್ತೆ, ಆಮೇಲೆ ಪೈಪು ತೊಳೆಯುವವನ ಗತಿ ಕೇಳಬೇಡಿ.

ಸ್ವಲ್ಪ ನಿಕೋಟಿನ್ ನೀರಲ್ಲೇ ಉಳಿಯುತ್ತೆ ಅಂದ್ರಿ. ಹಾಗಾದ್ರೆ ಚಟ ಆಗಲ್ಲ ತಾನೇ?

ಆಗುತ್ತೆ. ನೀರು ದಾಟಿ ಬರುವ ನಿಕೋಟಿನ್ನೇ ಒಂದು ಸಿಗರೇಟಿಗಿಂತ ಜಾಸ್ತಿ ಇದೆ. ಇನ್ನೊಂದು ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆ 2005ರ ತನ್ನ ಸಲಹಾ ಟಿಪ್ಪಣಿಯಲ್ಲೇ ಹೇಳಿತ್ತು. ಚಟ ಇರುವವನು ತನ್ನ ಮೈಗೆ ಬೇಕಾದಷ್ಟು ನಿಕೋಟಿನ್ ಸಿಗುವ ತನಕ ಸೇದುತ್ತಾನೆ. ನೀರು ಅದರಲ್ಲಿ ಒಂದು ಪಾಲು ಕದ್ದರೆ ಅವನು ಇನ್ನಷ್ಟು ಹೊತ್ತು ಕೂರುತ್ತಾನೆ. ನೀರು ಅಷ್ಟಾಗಿ ಕದಿಯದ ಟಾರ್, ಕಾರ್ಬನ್ ಮಾನಾಕ್ಸೈಡ್ ಅಷ್ಟು ಹೊತ್ತೂ ಪುಕ್ಕಟೆಯಾಗಿ ಒಳಗೆ ಹೋಗುತ್ತವೆ. ಅಂದರೆ ನೀರು ಸ್ವಲ್ಪ ಹಿಡಿಯುವ ನಿಕೋಟಿನ್‌ನಿಂದಲೂ ಲಾಭವಿಲ್ಲದೆ ಹೋಗಬಹುದು.

## ಕೆಂಡದ ವಿಷಯ

ಹುಕ್ಕಾದಲ್ಲಿ ತಂಬಾಕು ಸುಡೋದೇ ಇಲ್ಲ, ಬರೀ ಬಿಸಿಯಾಗುತ್ತೆ. ಮತ್ತೆ ಇಷ್ಟೊಂದು ಕಾರ್ಬನ್ ಮಾನಾಕ್ಸೈಡ್ ಎಲ್ಲಿಂದ?

ಅರ್ಧ ಸರಿ. ಚಿಲುಮೆಯಲ್ಲಿ ತಂಬಾಕಿನ ಮೇಲೆ ತೂತು ಮಾಡಿದ ಫಾಯಿಲ್ ಇರುತ್ತೆ, ಅದರ ಮೇಲೆ ಕೆಂಡ. ಸಿಗರೇಟಿನ ತುದಿಯಷ್ಟು ಬಿಸಿ ತಂಬಾಕಿಗೆ ತಾಗುವುದಿಲ್ಲ. ಆದರೆ ನೀವು ಎಳೆಯುವ ಗಾಳಿ ಬರುವ ದಾರಿ ನೋಡಿ. ಮೊದಲು ಕೆಂಡದ ಮೈಸವರಿ, ಆಮೇಲೆ ಫಾಯಿಲ್ ತೂತಿನಿಂದ ತಂಬಾಕಿಗೆ, ಅಲ್ಲಿಂದ ಕೊಳವೆಗೆ, ನೀರಿಗೆ, ಬಾಯಿಗೆ. ನೀವು ತಂಬಾಕನ್ನಷ್ಟೇ ಸೇದುತ್ತಿಲ್ಲ, ಕೆಂಡವನ್ನೂ ಸೇದುತ್ತಿದ್ದೀರಿ.

ಬೈರೂತಿನವರೇ 2008ರಲ್ಲಿ ಇದನ್ನು ಬಿಡಿಸಿ ನೋಡಿದರು. ಒಮ್ಮೆ ಕೆಂಡವಿಟ್ಟು, ಇನ್ನೊಮ್ಮೆ ಅದರ ಜಾಗದಲ್ಲಿ ವಿದ್ಯುತ್ ಹೀಟರ್ ಇಟ್ಟು ಅಳೆದರು. ಕಾರ್ಬನ್ ಮಾನಾಕ್ಸೈಡಿನ ಸುಮಾರು 90 ಶೇಕಡಾ ಕೆಂಡದ್ದೇ ಅಂತ ತಿಳಿಯಿತು. ಕ್ಯಾನ್ಸರ್ ತರುವ ಬೆಂಜೋಪೈರೀನ್‌ನಂಥ ವಸ್ತುಗಳಲ್ಲೂ ಸುಮಾರು 95 ಶೇಕಡಾ ಕೆಂಡದಿಂದಲೇ ಬಂದಿತ್ತು. 'ಬರೀ ಫ್ಲೇವರ್' ಅನ್ನುವವರಿಗೆ ನಾನು ತೋರಿಸುವುದು ಈ ಲೆಕ್ಕವನ್ನು. ಫ್ಲೇವರ್ ಯಾವುದಾದರೂ ಇರಲಿ, ಕೆಂಡ ಬದಲಾಗಲಿಲ್ಲವಲ್ಲ.

ತೆಂಗಿನ ಚಿಪ್ಪಿನ ಇದ್ದಿಲು ನ್ಯಾಚುರಲ್ ಅಂತ ಬರೆದಿರುತ್ತೆ?

ಇದ್ದಿಲು ಅಂದರೆ ಕಾರ್ಬನ್. ಚಿಪ್ಪಿನದಿರಲಿ, ಜಾಲಿಯದಿರಲಿ, ಅದು ಕೆಂಡವಾಗಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಚಳಿಗೆ ಅಂತ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲ ಅಂತ ಚಳಿಗಾಲದಲ್ಲಿ ಸುದ್ದಿ ಓದುತ್ತೇವಲ್ಲ, ಆ ಇದ್ದಿಲೂ ನ್ಯಾಚುರಲ್ಲೇ.

ನಮ್ಮ ಹುಡುಗ ಹುಕ್ಕಾ ಸೇದಿ ತಲೆ ಸುತ್ತಿ ಬಿದ್ದ. ಬೆರಳಿಗೆ ಆಕ್ಸಿಮೀಟರ್ ಹಾಕಿದ್ರೆ 98 ತೋರಿಸ್ತು. ಮತ್ತೆ ಏನಾಗಿದೆ ಅವನಿಗೆ?

ಈ ಪ್ರಶ್ನೆಯನ್ನು ಒಬ್ಬ ತಾಯಿ ಕೇಳಿದ್ದರು. ಕೊರೋನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಮನೆಯಲ್ಲಿತ್ತು. 98 ನೋಡಿ 'ಊಟ ಮಾಡಿಲ್ಲ, ಅದಕ್ಕೇ' ಅಂತ ಮಲಗಿಸಿದ್ದರು. ಪುಣ್ಯಕ್ಕೆ ಹುಡುಗ ಬೆಳಗ್ಗೆ ಹೊತ್ತಿಗೆ ಸರಿಹೋದ. ಆದರೆ ಆ 98ನ್ನು ನಂಬಿದ್ದು ತಪ್ಪು.

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಆಕ್ಸಿಜನ್ ಕೂರಬೇಕಾದ ಸೀಟಿನಲ್ಲಿ ಇದು ಟವೆಲ್ ಹಾಕಿ ಕೂತುಬಿಡುತ್ತೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮಾಡುವುದು ಇಷ್ಟೇ: ಎರಡು ಬಣ್ಣದ ಬೆಳಕು ಬಿಟ್ಟು, ರಕ್ತ ಎಷ್ಟು ಕೆಂಪಾಗಿದೆ ಅಂತ ನೋಡುತ್ತೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಒಳ್ಳೆ ಕೆಂಪಾಗೇ ಇರುತ್ತೆ. ಸೀಟು ಭರ್ತಿಯಾಗಿದೆ ಅಂತ ಯಂತ್ರ ಹೇಳುತ್ತೆ, ಯಾರು ಕೂತಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಅಂಕಿ ಬಿಟ್ಟು ಲಕ್ಷಣ ನೋಡಿ. ತಲೆನೋವು, ವಾಕರಿಕೆ, ತಲೆ ಸುತ್ತು, ಮಂಕು ಕವಿದಂತಾಗುವುದು, ಎದ್ದು ನಿಂತಾಗ ಕುಸಿಯುವುದು. ಒಂದೇ ರೂಮಿನಲ್ಲಿ ಕೂತ ಎರಡು ಮೂರು ಜನಕ್ಕೆ ಒಟ್ಟಿಗೆ ತಲೆನೋವು ಬಂದರೆ ಅನುಮಾನವೇ ಬೇಡ. ಸೇದದೆ ಪಕ್ಕದಲ್ಲಿ ಕೂತವನಿಗೂ ಬರಬಹುದು, ಕೆಂಡ ಉರಿಯುತ್ತಿರುವುದು ಅದೇ ರೂಮಿನಲ್ಲಿ ತಾನೇ? ಮೊದಲು ಎಲ್ಲರನ್ನೂ ಹೊರಗೆ, ಗಾಳಿಗೆ ಕರೆದುಕೊಂಡು ಬನ್ನಿ. ಪ್ರಜ್ಞೆ ತಪ್ಪಿದ್ದರೆ, ಎದೆ ನೋವಿದ್ದರೆ, ಬಸುರಿ ಹೆಂಗಸಾಗಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ 'ಹುಕ್ಕಾ ಸೇದಿದ್ದ' ಅಂತ ಬಾಯಿಬಿಟ್ಟು ಹೇಳಿ. ಹುಡುಗರು ಇದನ್ನೇ ಮುಚ್ಚಿಡುತ್ತಾರೆ. ಹೇಳಿದರೆ ಡಾಕ್ಟರು ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್, ಎಷ್ಟಿದೆ ಅಂತ ನೋಡಿಸಬಹುದು. ಹೇಳದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆಯೂ ಇದೆ.

ಬರೀ ಗಾಳಿಯಲ್ಲಿ ಇದ್ದರೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಅದು ಒಂದು, ಒಂದೂವರೆ ಗಂಟೆಗೆ ಇಳಿಯುತ್ತೆ. ಮಜ್ಜಿಗೆ, ನಿಂಬೆ ಪಾನಕ ಕುಡಿಸಿದರೆ ಏನೂ ಆಗುವುದಿಲ್ಲ.

ಕೆಂಡದ ಬದಲು ಎಲೆಕ್ಟ್ರಿಕ್ ಹೀಟರ್ ಇಟ್ಟರೆ ಸಮಸ್ಯೆ ಮುಗೀತಲ್ಲ?

ಕಾರ್ಬನ್ ಮಾನಾಕ್ಸೈಡ್ ಮಟ್ಟಿಗೆ ದೊಡ್ಡ ವ್ಯತ್ಯಾಸ ಆಗುತ್ತೆ, ಮೇಲಿನ ಲೆಕ್ಕದಲ್ಲೇ ಅದಿದೆ. ನಿಕೋಟಿನ್, ಗ್ಲಿಸರಿನ್, ಸಕ್ಕರೆ ಕಾದು ಬರುವ ಹೊಗೆ ಹಾಗೇ ಇರುತ್ತೆ. ಒಂದು ಸಮಸ್ಯೆ ಕಡಿಮೆಯಾಯಿತು, ಉಳಿದವು ಇವೆ. ಇಲ್ಲೂ ಕಡಿಮೆ ಮಾಡಿದ್ದು ನೀರಲ್ಲ ಅನ್ನುವುದನ್ನು ಗಮನಿಸಿ.

## ಉಳಿದ ಎರಡು

ಕರ್ನಾಟಕದಲ್ಲಿ ಹುಕ್ಕಾ ಬಾರ್ ಬ್ಯಾನ್ ಅಂತಾರೆ, ನಿಜವಾಗ್ಲೂ ಕಾನೂನು ಇದೆಯಾ?

ಇದೆ. ಆರೋಗ್ಯ ಇಲಾಖೆ 2024ರ ಫೆಬ್ರವರಿಯಲ್ಲಿ ನಿಷೇಧದ ಆದೇಶ ಹೊರಡಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಫೆಬ್ರವರಿಯಲ್ಲಿ ವಿಧಾನಮಂಡಲ ತಂಬಾಕು ಕಾಯ್ದೆಗೆ ಮಾಡಿದ ತಿದ್ದುಪಡಿಗೆ 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷ ರೂಪಾಯಿ ತನಕ ದಂಡ. ತಂಬಾಕು ಕೊಳ್ಳುವ ವಯಸ್ಸನ್ನೂ 18ರಿಂದ 21ಕ್ಕೆ ಏರಿಸಿದ್ದಾರೆ.

ನೀರು ಶುದ್ಧ ಮಾಡುತ್ತೆ ಅನ್ನೋ ನಂಬಿಕೆ ಮೊದಲು ಯಾರು ಹಬ್ಬಿಸಿದ್ದು?

ಸಾಮಾನ್ಯವಾಗಿ ಹೇಳುವ ಕಥೆ ಅಕ್ಬರನ ಆಸ್ಥಾನದ್ದು. ಹಕೀಂ ಅಬುಲ್ ಫತ್ ಗಿಲಾನಿ ಎಂಬ ವೈದ್ಯ, ತಂಬಾಕಿನ ಹೊಗೆ ನೀರು ದಾಟಿ ಬಂದರೆ ನಿರಪಾಯ ಅಂತ ಹೇಳಿ ಹುಕ್ಕಾ ಮಾಡಿಸಿದ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಟಿಪ್ಪಣಿಯಲ್ಲೂ ಈ ಕಥೆ ಬರುತ್ತೆ.

ಈ ಕಥೆಗೆ ನಮ್ಮ ವಿಜಯಪುರದ ನಂಟಿದೆ, ತೊಡಕು ಇರುವುದೂ ಅಲ್ಲೇ. ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬಾತ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ತಂಬಾಕು ನೋಡಿದ. ಇಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. ರತ್ನ ಕೆತ್ತಿದ ಒಂದು ಕೊಳವೆ ಮಾಡಿಸಿ, ತಂಬಾಕಿನ ಜೊತೆ ಬಾದಶಹನಿಗೆ ಒಪ್ಪಿಸಿದ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದ, ಆಸ್ಥಾನದ ಹಕೀಮರು ಬೇಡವೆಂದರು. ಇದೆಲ್ಲ ಆದದ್ದು 1604ರ ಸುಮಾರಿಗೆ.

ಅಬುಲ್ ಫತ್ ತೀರಿಕೊಂಡದ್ದು 1589ರಲ್ಲಿ. ಆಸ್ಥಾನಕ್ಕೆ ತಂಬಾಕು ಹೊಸ ವಸ್ತುವಾಗಿ ಬರುವ ಹದಿನೈದು ವರ್ಷ ಮೊದಲೇ ಸತ್ತವನು ಅದರ ಹೊಗೆಯನ್ನು ನೀರಿನಲ್ಲಿ ತೊಳೆಯುವ ಉಪಾಯ ಹೇಳಿದ್ದು ಹೇಗೆ? ಟರ್ಕಿ, ಲೆಬನಾನ್ ಕಡೆ ಹುಕ್ಕಾಕ್ಕೆ ನರ್ಗಿಲೆ ಅಂತಾರೆ. ಪರ್ಷಿಯನ್ ಭಾಷೆಯಲ್ಲಿ ನರ್ಗಿಲ್ ಅಂದರೆ ತೆಂಗಿನಕಾಯಿ, ನಮ್ಮ ನಾರಿಕೇಳವೇ ಅದರ ಮೂಲ. ಮೊದಮೊದಲ ಹುಕ್ಕಾಗಳ ನೀರಿನ ಬುಡ ತೆಂಗಿನ ಚಿಪ್ಪಿನದಾಗಿತ್ತು. ಈ ಹೆಸರನ್ನು ನೋಡಿದರೆ, ಇದು ಹಕೀಮನೊಬ್ಬನ ಚೀಟಿಗಿಂತ ತೆಂಗು ಬೆಳೆಯುವ ಕಡಲತೀರದ ಯಾರೋ ಮಾಡಿಕೊಂಡ ಸಾಧನ ಅಂತ ನನಗನ್ನಿಸುತ್ತೆ. ವೈದ್ಯನ ಹೆಸರು ಆಮೇಲೆ ಅಂಟಿಕೊಂಡಿರಬೇಕು.